ಚಂದ್ರ ಹತ್ತಿರ ಬಂದನೋ, ಫೋನ್ ಬಿಡಿಸಿಕೊಟ್ಟಿತೋ?

ಪರದೆಯ ಮೇಲೆ 10x, 30x, 100x ಅಂತ ಅಂಕಿ ಏರುತ್ತಾ ಹೋಗುತ್ತದೆ. ಅದರಲ್ಲಿ ಲೆನ್ಸ್ ನಿಜವಾಗಿ ಹಿಡಿದದ್ದೆಷ್ಟು, ಸಾಫ್ಟ್‌ವೇರ್ ಊಹಿಸಿ ತುಂಬಿದ್ದೆಷ್ಟು? ಮನೆಯಲ್ಲೇ ಪರೀಕ್ಷಿಸಿ ತಿಳಿಯಬಹುದು.

ಶಾಲಾ ವಾರ್ಷಿಕೋತ್ಸವಗಳಲ್ಲಿ ಒಂದು ನೋಟ ಸಾಮಾನ್ಯ. ಹಿಂದಿನ ಸಾಲಿನಲ್ಲಿ ಕುಳಿತ ಅಪ್ಪ-ಅಮ್ಮಂದಿರು ಫೋನ್ ಎತ್ತಿ ಹಿಡಿದು, ಎರಡು ಬೆರಳಿನಿಂದ ಪರದೆಯನ್ನು ಹಿಗ್ಗಿಸುತ್ತಾ ಇರುತ್ತಾರೆ. ವೇದಿಕೆಯ ಮೇಲಿನ ಮಗು ಪರದೆ ತುಂಬಾ ಬರುತ್ತದೆ. ಮನೆಗೆ ಬಂದು ನೋಡಿದರೆ ಮುಖ ಬಣ್ಣದಲ್ಲಿ ಬಿಡಿಸಿದ ಹಾಗೆ, ಕಣ್ಣು ಎರಡು ಕಪ್ಪು ಗೆರೆ. 'ಅಷ್ಟು ದುಡ್ಡು ಕೊಟ್ಟ ಫೋನ್, 50 ಮೆಗಾಪಿಕ್ಸೆಲ್ ಅಂತ ಹೇಳಿದ್ರಲ್ಲ' ಅಂತ ಬೇಸರ. ಏನಾಯಿತು ಅನ್ನುವುದಕ್ಕೆ ಸರಳ ಲೆಕ್ಕವೇ ಉತ್ತರ ಕೊಡುತ್ತದೆ, ಬನ್ನಿ ಮಾಡಿ ನೋಡೋಣ.

ಮುಖಕ್ಕೆ ಸಿಕ್ಕಿದ್ದು ಇಪ್ಪತ್ತೇ ಚುಕ್ಕಿ

ವೇದಿಕೆ ನಿಮ್ಮಿಂದ 20 ಮೀಟರ್ ದೂರ ಇದೆ ಎಂದುಕೊಳ್ಳಿ. ಇಂದಿನ ಬಹುತೇಕ ಫೋನ್‌ಗಳ ಮುಖ್ಯ ಕ್ಯಾಮೆರಾ, ಅಂದರೆ 1x ಎಂದು ತೋರಿಸುವುದು, ಬಹಳ ಅಗಲವಾದ ನೋಟ ಹಿಡಿಯುತ್ತದೆ. ಫೋನನ್ನು ಅಡ್ಡ ಹಿಡಿದರೆ 20 ಮೀಟರ್ ದೂರದಲ್ಲಿ ಅದರ ಚೌಕಟ್ಟಿನೊಳಗೆ ಸುಮಾರು 29 ಮೀಟರ್ ಅಗಲದ ಜಾಗ ಬರುತ್ತದೆ. ಇಡೀ ವೇದಿಕೆ, ಪಕ್ಕದ ಗೋಡೆ, ಶಾಮಿಯಾನದ ಕಂಬ ಎಲ್ಲವೂ ಅದರೊಳಗೇ.

ಫೋಟೊ 12 ಮೆಗಾಪಿಕ್ಸೆಲ್‌ನದ್ದಾದರೆ ಅಡ್ಡಕ್ಕೆ ಸುಮಾರು 4,000 ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕಿಗಳು, ಇರುತ್ತವೆ. 29 ಮೀಟರಿಗೆ 4,000 ಚುಕ್ಕಿ ಹಂಚಿದರೆ ಒಂದು ಮೀಟರಿಗೆ ಸುಮಾರು 138. ಮಗುವಿನ ಮುಖದ ಅಗಲ 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಆ ಮುಖಕ್ಕೆ ಸಿಕ್ಕಿದ್ದು ಅಡ್ಡಕ್ಕೆ 20 ಚುಕ್ಕಿ ಮಾತ್ರ.

ಈಗ ನೀವು ಬೆರಳಿನಿಂದ 10x ಮಾಡಿದಿರಿ. ಫೋನಿನಲ್ಲಿ ದೂರದ್ದನ್ನು ಹಿಡಿಯುವ ಬೇರೆ ಲೆನ್ಸ್ ಇಲ್ಲದಿದ್ದರೆ ಆಗುವುದು ಇಷ್ಟೇ: ಚಿತ್ರದ ನಡುವಿನ ಚಿಕ್ಕ ತುಂಡನ್ನು ಕತ್ತರಿಸಿ, ಅದನ್ನೇ ಪೂರ್ತಿ ಪರದೆಯ ಅಳತೆಗೆ ಎಳೆಯಲಾಗುತ್ತದೆ. ಅಗಲದಲ್ಲಿ ಹತ್ತನೇ ಒಂದು, ಎತ್ತರದಲ್ಲಿ ಹತ್ತನೇ ಒಂದು. ಹೀಗಾಗಿ ಉಳಿದದ್ದು ಒಟ್ಟು ಚುಕ್ಕಿಗಳಲ್ಲಿ ನೂರನೇ ಒಂದು ಭಾಗ. ಮುಖ ದೊಡ್ಡದಾಗಿ ಕಂಡರೂ ಒಳಗಿನ ಚುಕ್ಕಿ ಅದೇ ಇಪ್ಪತ್ತು. ಇದಕ್ಕೇ ಡಿಜಿಟಲ್ ಜೂಮ್ ಅನ್ನುವುದು. ಚಪಾತಿ ಹಿಟ್ಟನ್ನು ಎಷ್ಟು ಲಟ್ಟಿಸಿದರೂ ಹಿಟ್ಟು ಹೆಚ್ಚಾಗುವುದಿಲ್ಲ, ತೆಳ್ಳಗಾಗುತ್ತದೆ ಅಷ್ಟೆ. ಇದೂ ಹಾಗೆಯೇ.

ಅದೇ ಜಾಗದಿಂದ 5x ಆಪ್ಟಿಕಲ್ ಲೆನ್ಸ್ ಇರುವ ಫೋನ್ ಬಳಸಿದರೆ? ಆ ಲೆನ್ಸಿನ ನೋಟ ಇಕ್ಕಟ್ಟು. 29 ಮೀಟರಿನ ಬದಲು ಸುಮಾರು 6 ಮೀಟರ್ ಅಗಲ ಮಾತ್ರ ಚೌಕಟ್ಟಿಗೆ ಬರುತ್ತದೆ. ಆದರೆ 4,000 ಚುಕ್ಕಿಗಳೂ ಆ 6 ಮೀಟರಿಗೇ ಮೀಸಲು. ಮಗುವಿನ ಮುಖಕ್ಕೆ ಈಗ ಅಡ್ಡಕ್ಕೆ ಸುಮಾರು ನೂರು ಚುಕ್ಕಿ. ಇಪ್ಪತ್ತರಲ್ಲಿ ಕಣ್ಣು ಒಂದು ಗೆರೆ. ನೂರರಲ್ಲಿ ರೆಪ್ಪೆ, ಹಣೆಬೊಟ್ಟು, ಹಲ್ಲು ಬಿದ್ದ ನಗು ಎಲ್ಲ ಗೊತ್ತಾಗುತ್ತದೆ.

ಇಷ್ಟು ತಿಳಿದರೆ ಅರ್ಧ ವಿಷಯ ತಿಳಿದಂತೆ. ಆಪ್ಟಿಕಲ್ ಜೂಮ್‌ನಲ್ಲಿ ಫೋಟೊ ಆಗುವ ಮೊದಲೇ ಬೆಳಕು ಹಿಗ್ಗಿರುತ್ತದೆ, ಆದ್ದರಿಂದ ಹೊಸ ವಿವರ ಸಿಗುತ್ತದೆ. ಡಿಜಿಟಲ್ ಜೂಮ್‌ನಲ್ಲಿ ಫೋಟೊ ಆದ ಮೇಲೆ ಹಿಗ್ಗಿಸುವುದು.

ಹಾಗಾದರೆ ಎಲ್ಲ ಫೋನಿಗೂ ಆ ಲೆನ್ಸ್ ಏಕಿಲ್ಲ?

ಜಾಗದ ತೊಂದರೆ. ದೂರದ್ದನ್ನು ದೊಡ್ಡದಾಗಿ ಹಿಡಿಯಬೇಕಾದರೆ ಲೆನ್ಸ್ ಮತ್ತು ಬೆಳಕು ಹಿಡಿಯುವ ಸೆನ್ಸರ್ ನಡುವೆ ಅಂತರ ಹೆಚ್ಚು ಬೇಕು. ಮದುವೆ ಮನೆಯ ಫೋಟೊಗ್ರಾಫರ್ ಕೈಯಲ್ಲಿರುವ ಉದ್ದನೆಯ ಲೆನ್ಸ್ ನೋಡಿದ್ದೀರಲ್ಲ? ಅಷ್ಟು ಉದ್ದವನ್ನು 8 ಮಿಲಿಮೀಟರ್ ದಪ್ಪದ ಫೋನಿನಲ್ಲಿ ಎಲ್ಲಿ ಇಡುವುದು?

ಇದಕ್ಕೆ ಕಂಡುಕೊಂಡ ಉಪಾಯವೇ ಪೆರಿಸ್ಕೋಪ್. ಫೋನಿನ ಬೆನ್ನಿನ ಕಿಟಕಿಯಿಂದ ಒಳಗೆ ಬಂದ ಬೆಳಕನ್ನು ಒಂದು ಪುಟ್ಟ ಪ್ರಿಸಂ 90 ಡಿಗ್ರಿ ತಿರುಗಿಸುತ್ತದೆ. ಅಲ್ಲಿಂದ ಬೆಳಕು ಫೋನಿನ ದಪ್ಪದ ಬದಲು ಅಗಲದ ಉದ್ದಕ್ಕೂ ಸಾಗಿ, ಅಡ್ಡಡ್ಡ ಮಲಗಿಸಿದ ಲೆನ್ಸುಗಳನ್ನು ದಾಟಿ ಸೆನ್ಸರ್ ಸೇರುತ್ತದೆ. ಬೆನ್ನಿನ ಮೇಲೆ ಗುಂಡಗಿನ ಬದಲು ಚೌಕದ ಕಿಟಕಿ ಕಂಡರೆ ಹೆಚ್ಚಾಗಿ ಅದೇ. ಖರ್ಚು ಜಾಸ್ತಿ, ಜಾಗವೂ ಬೇಕು. ಹಾಗಾಗಿ ಅಗ್ಗದ ಫೋನುಗಳಲ್ಲಿ ಇದು ಇರುವುದು ಅಪರೂಪ.

ಇನ್ನೊಂದು ವಿಷಯ. ದೊಡ್ಡ ಕ್ಯಾಮೆರಾದ ಜೂಮ್ ಲೆನ್ಸ್ ತಿರುಗಿಸಿದಂತೆ ಒಳಗಿನ ಗಾಜುಗಳು ಸರಿದು, ನೋಟ ಮೆಲ್ಲಗೆ ಹತ್ತಿರ ಬರುತ್ತದೆ. ಫೋನುಗಳಲ್ಲಿ ಹೆಚ್ಚಾಗಿ ಹಾಗಿಲ್ಲ. ಅಲ್ಲಿರುವುದು ಎರಡೋ ಮೂರೋ ಸ್ಥಿರ ಲೆನ್ಸುಗಳು: ಒಂದು 1x, ಒಂದು 3x ಅಥವಾ 5x. ನಡುವಿನದ್ದೆಲ್ಲ ಕತ್ತರಿಸಿ ಎಳೆದದ್ದು. ಆದ್ದರಿಂದ 1x ಮತ್ತು 5x ಲೆನ್ಸ್ ಮಾತ್ರ ಇರುವ ಫೋನಿನಲ್ಲಿ 4.9x ಅಂದರೆ ಮುಖ್ಯ ಕ್ಯಾಮೆರಾದ ಚಿತ್ರವನ್ನು ಐದು ಪಟ್ಟು ಎಳೆದದ್ದು. 5x ಅಂದರೆ ಹೊಚ್ಚ ಹೊಸ ಲೆನ್ಸ್. ಅಂಕಿಯಲ್ಲಿ ಕೂದಲೆಳೆ ವ್ಯತ್ಯಾಸ, ಫೋಟೊದಲ್ಲಿ ಅಜಗಜಾಂತರ. ಬೆರಳಿನಿಂದ ಹಿಗ್ಗಿಸುವ ಬದಲು ಪರದೆಯ ಮೇಲಿನ 3x, 5x ಗುಂಡಿಯನ್ನೇ ಒತ್ತಬೇಕು ಅನ್ನುವುದು ಇದಕ್ಕೇ.

2x ಗುಂಡಿ ಮಾತ್ರ ಸ್ವಲ್ಪ ಬೇರೆ. 50 ಮೆಗಾಪಿಕ್ಸೆಲ್ ಸೆನ್ಸರ್ ಸಾಮಾನ್ಯವಾಗಿ ಅಕ್ಕಪಕ್ಕದ ನಾಲ್ಕು ಚುಕ್ಕಿಗಳನ್ನು ಸೇರಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲ್ ಫೋಟೊ ಕೊಡುತ್ತದೆ. 2x ಒತ್ತಿದಾಗ ಸೇರಿಸುವುದನ್ನು ಬಿಟ್ಟು, ನಡುವಿನ 12 ಮೆಗಾಪಿಕ್ಸೆಲ್ ಭಾಗವನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಹಗಲು ಬೆಳಕಿನಲ್ಲಿ ಇದು ಚೆನ್ನಾಗಿಯೇ ಇರುತ್ತದೆ. ಮಂಕು ಬೆಳಕಿನಲ್ಲಿ ಕಾಳು ಕಾಳಾಗುತ್ತದೆ.

ಸಾಫ್ಟ್‌ವೇರ್ ಮಾಡುವ ಮೂರು ಕೆಲಸ

'ನನ್ನ ಫೋನಿನಲ್ಲಿ 10x ಮಾಡಿದರೂ ಅಷ್ಟೇನೂ ಕೆಡೋದಿಲ್ಲ' ಎನ್ನುವವರೂ ಇದ್ದಾರೆ. ಅದೂ ನಿಜವೇ. ಕತ್ತರಿಸಿದ ತುಂಡನ್ನು ಫೋನ್ ಹಾಗೇ ಕೊಡುವುದಿಲ್ಲ, ಅದಕ್ಕೆ ಮೂರು ಬಗೆಯ ಉಪಚಾರ ಮಾಡುತ್ತದೆ.

ಮೊದಲನೆಯದು ಪ್ರಾಮಾಣಿಕವಾದ ಉಪಚಾರ. ನೀವು ಗುಂಡಿ ಒತ್ತಿದ್ದು ಒಮ್ಮೆ, ಆದರೆ ಫೋನ್ ಒಂದರ ಹಿಂದೊಂದು ಹಲವು ಚಿತ್ರ ತೆಗೆದಿರುತ್ತದೆ. ನಿಮ್ಮ ಕೈ ಕಣ್ಣಿಗೆ ಕಾಣದಷ್ಟು ನಡುಗುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಚಿತ್ರವೂ ಹಿಂದಿನದಕ್ಕಿಂತ ಒಂದು ಚುಕ್ಕಿಯ ಅರ್ಧವೋ ಕಾಲೋ ಭಾಗದಷ್ಟು ಪಕ್ಕಕ್ಕೆ ಸರಿದಿರುತ್ತದೆ. ಒಂದರಲ್ಲಿ ಎರಡು ಚುಕ್ಕಿಗಳ ನಡುವೆ ತಪ್ಪಿಹೋದ ವಿವರ ಇನ್ನೊಂದರಲ್ಲಿ ಸಿಗುತ್ತದೆ. ಇವನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ಕೂಡಿಸಿದರೆ ನಿಜವಾಗಿಯೂ ಹೆಚ್ಚು ವಿವರ ಬರುತ್ತದೆ. ಗೂಗಲ್ 2018ರಲ್ಲಿ ಪಿಕ್ಸೆಲ್ 3 ಫೋನಿನಲ್ಲಿ 'ಸೂಪರ್ ರೆಸ್ ಜೂಮ್' ಎಂಬ ಹೆಸರಿನಲ್ಲಿ ತಂದದ್ದು ಇದನ್ನೇ. ಫೋನ್ ಸ್ಟ್ಯಾಂಡ್ ಮೇಲೆ ಅಲುಗಾಡದೆ ಕೂತಿದ್ದರೆ, ಲೆನ್ಸನ್ನು ತಾನೇ ಚೂರು ಅಲುಗಿಸಿ ಆ ನಡುಕವನ್ನು ತಂದುಕೊಳ್ಳುತ್ತದೆ! ಇದಕ್ಕೂ ಮಿತಿ ಇದೆ. ಎರಡು ಮೂರು ಪಟ್ಟಿನವರೆಗೆ ಚೆಂದ, ಅದರಾಚೆ ಲೆನ್ಸ್ ಬೆಳಕನ್ನೇ ಮಸುಕಾಗಿ ಕೊಟ್ಟಿರುವಾಗ ಎಷ್ಟು ಚಿತ್ರ ಕೂಡಿಸಿದರೂ ಲಾಭವಿಲ್ಲ. ಓಡಾಡುವ ಮಗು, ಹಾರುವ ಹಕ್ಕಿಯ ವಿಷಯದಲ್ಲಂತೂ ಚಿತ್ರಗಳು ಒಂದಕ್ಕೊಂದು ಹೊಂದುವುದೇ ಇಲ್ಲ.

ಎರಡನೆಯದು ಒಪ್ಪ ಮಾಡುವ ಉಪಚಾರ. ಕಾಳು ಕಾಳಾದದ್ದನ್ನು ಒರೆಸಿ ನಯ ಮಾಡುವುದು, ಆಮೇಲೆ ಅಂಚುಗಳನ್ನು ತೀಡಿ ಚೂಪು ಮಾಡುವುದು. ಹೊಸ ವಿವರ ಏನೂ ಬರುವುದಿಲ್ಲ, ಇದ್ದದ್ದೇ ಎದ್ದು ಕಾಣುತ್ತದೆ. ಹೆಚ್ಚಾದರೆ ಚರ್ಮ ಮೇಣದಂತೆ, ಎಲೆಗಳ ರಾಶಿ ಹಸಿರು ಬಣ್ಣ ಮೆತ್ತಿದಂತೆ, ಕಟ್ಟಡದ ಅಂಚಿಗೆ ಬಿಳಿ ಗೆರೆ ಎಳೆದಂತೆ ಕಾಣುತ್ತದೆ.

ಮೂರನೆಯದು ಊಹೆ. ಲಕ್ಷಗಟ್ಟಲೆ ಫೋಟೊಗಳನ್ನು ತೋರಿಸಿ ಪಳಗಿಸಿದ ಸಾಫ್ಟ್‌ವೇರ್, 'ಇಂಥ ಮಸುಕು ಸಾಮಾನ್ಯವಾಗಿ ಕೂದಲಾಗಿರುತ್ತದೆ, ಇಂಥದ್ದು ಇಟ್ಟಿಗೆ' ಎಂದು ಲೆಕ್ಕ ಹಾಕಿ, ಅಲ್ಲಿ ಕೂದಲನ್ನೋ ಇಟ್ಟಿಗೆಯನ್ನೋ ಬಿಡಿಸುತ್ತದೆ. ಬಿಡಿಸಿದ್ದು ಸರಿಯೂ ಇರಬಹುದು, ತಪ್ಪೂ ಇರಬಹುದು. ಫೋಟೊ ನೋಡಿ ಹೇಳುವುದು ಕಷ್ಟ, ಯಾಕೆಂದರೆ ತಪ್ಪಿದ್ದರೂ ಅದು ಸ್ಪಷ್ಟವಾಗಿಯೇ ಇರುತ್ತದೆ.

ಮಸುಕು ಚಂದ್ರನಿಗೆ ಕುಳಿ ಬಂದ ಕಥೆ

ಈ ಊಹೆ ಎಲ್ಲಿಯವರೆಗೆ ಹೋಗಬಹುದು ಎಂಬುದು ಜಗತ್ತಿಗೆ ಚೆನ್ನಾಗಿ ಗೊತ್ತಾದದ್ದು 2023ರ ಮಾರ್ಚ್‌ನಲ್ಲಿ. ಸ್ಯಾಮ್‌ಸಂಗ್ 2020ರಲ್ಲಿ ಎಸ್20 ಅಲ್ಟ್ರಾ ಫೋನಿನೊಂದಿಗೆ 100x 'ಸ್ಪೇಸ್ ಜೂಮ್' ತಂದಿತ್ತು. ಮುಂದಿನ ಮಾದರಿಗಳಲ್ಲಿ ತೆಗೆದ ಚಂದ್ರನ ಫೋಟೊಗಳು ಎಷ್ಟು ಚೆಂದ ಬರುತ್ತಿದ್ದವೆಂದರೆ ಹಲವರಿಗೆ ಅನುಮಾನ ಬಂತು.

ಅನುಮಾನಕ್ಕೆ ಕಾರಣ ಇತ್ತು. ನಮ್ಮ ಲೆಕ್ಕವನ್ನೇ ಚಂದ್ರನಿಗೂ ಹಾಕಿ ನೋಡಿ. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ ಮಾತ್ರ. 1x ಕ್ಯಾಮೆರಾದ 4,000 ಚುಕ್ಕಿಗಳಲ್ಲಿ ಚಂದ್ರನ ಪಾಲಿಗೆ ಬರುವುದು ಅಡ್ಡಕ್ಕೆ ಸುಮಾರು 25. ಒಳ್ಳೆಯ 10x ಆಪ್ಟಿಕಲ್ ಲೆನ್ಸ್ ಇದ್ದರೂ ಸುಮಾರು 250. ಅದರಲ್ಲಿ ಚಂದ್ರನ ಕಪ್ಪು ಮಚ್ಚೆಗಳು ನಿಜವಾಗಿ ಕಾಣುತ್ತವೆ, ದೊಡ್ಡ ಕುಳಿಗಳ ಸುಳಿವೂ ಸಿಗುತ್ತದೆ. ಅದನ್ನು 100xವರೆಗೆ ಎಳೆದರೆ ಪರದೆ ತುಂಬ ನುಣುಪಾದ ವಿವರ ಎಲ್ಲಿಂದ ಬರಬೇಕು?

ರೆಡಿಟ್ ತಾಣದ ಬಳಕೆದಾರರೊಬ್ಬರು ಇದನ್ನು ಬಹಳ ಸರಳವಾಗಿ ಪರೀಕ್ಷಿಸಿದರು. ಚಂದ್ರನ ಒಂದು ಸ್ಪಷ್ಟ ಚಿತ್ರ ತೆಗೆದುಕೊಂಡು ಅದನ್ನು 170 ಚುಕ್ಕಿ ಅಗಲಕ್ಕೆ ಕುಗ್ಗಿಸಿದರು. ಆಮೇಲೆ ಬೇಕೆಂದೇ ಮಸುಕು ಮಾಡಿದರು. ಕುಳಿಗಳ ವಿವರ ಅಳಿಸಿಯೇ ಹೋಯಿತು. ಆ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ಹಾಕಿ, ಕೋಣೆಯ ದೀಪ ಆರಿಸಿ, ದೂರ ನಿಂತು ಫೋನಿನಲ್ಲಿ ಜೂಮ್ ಮಾಡಿ ಫೋಟೊ ತೆಗೆದರು. ಫೋಟೊದಲ್ಲಿ ಕುಳಿಗಳು, ಅಂಚುಗಳು ಎಲ್ಲ ಬಂದಿದ್ದವು! ಪರದೆಯ ಮೇಲೆ ಇಲ್ಲದ ವಿವರ ಫೋಟೊದಲ್ಲಿತ್ತು. ಮತ್ತೊಮ್ಮೆ ಒಂದೇ ಪರದೆಯ ಮೇಲೆ ಎರಡು ಮಸುಕು ಚಂದ್ರರನ್ನು ಇಟ್ಟಾಗ ಒಂದಕ್ಕೆ ವಿವರ ಬಂತು, ಇನ್ನೊಂದು ಮಸುಕಾಗಿಯೇ ಉಳಿಯಿತು. ಬರೀ ಚಿತ್ರ ತೀಡುವ ಕೆಲಸವಾಗಿದ್ದರೆ ಎರಡಕ್ಕೂ ಒಂದೇ ಫಲ ಸಿಗಬೇಕಿತ್ತು.

ಸ್ಯಾಮ್‌ಸಂಗ್ ಆಮೇಲೆ ವಿವರಣೆ ಕೊಟ್ಟಿತು. ಕ್ಯಾಮೆರಾದ 'ಸೀನ್ ಆಪ್ಟಿಮೈಸರ್' ಚಾಲೂ ಇದ್ದು, ಜೂಮ್ 25x ಅಥವಾ ಅದಕ್ಕೂ ಹೆಚ್ಚಿದ್ದಾಗ, ಫೋನ್ ಚಂದ್ರನನ್ನು ಗುರುತು ಹಿಡಿಯುತ್ತದೆ. ಹಲವು ಚಿತ್ರಗಳನ್ನು ಕೂಡಿಸುತ್ತದೆ. ಕೊನೆಗೆ ಚಂದ್ರನ ಫೋಟೊಗಳಿಂದ ಕಲಿತ ಸಾಫ್ಟ್‌ವೇರ್ ವಿವರವನ್ನು ಹೆಚ್ಚಿಸುತ್ತದೆ. ಬೇಡದವರು ಸೀನ್ ಆಪ್ಟಿಮೈಸರ್ ಆರಿಸಬಹುದು ಎಂದೂ ಹೇಳಿತು. ಇಂಥ ಆಪಾದನೆ ಇದೇ ಮೊದಲೂ ಅಲ್ಲ. 2019ರಲ್ಲಿ ಹುವಾವೇ ಕಂಪನಿಯ ಪಿ30 ಪ್ರೊ ಫೋನಿನ 'ಮೂನ್ ಮೋಡ್' ಬಗ್ಗೆಯೂ ಇದೇ ಚರ್ಚೆ ನಡೆದಿತ್ತು.

ಎಲ್ಲ ಬಿಟ್ಟು ಚಂದ್ರನೇ ಯಾಕೆ? ಯಾಕೆಂದರೆ ಭೂಮಿಗೆ ಅವನು ಸದಾ ಒಂದೇ ಮುಖ ತೋರಿಸುತ್ತಾನೆ. ಮಂಗಳೂರಿನಿಂದ ನೋಡಲಿ, ಮೈಸೂರಿನಿಂದ ನೋಡಲಿ, ಕುಳಿಗಳು ಇರುವ ಜಾಗ ಅದೇ. ಬಾಯಿಪಾಠ ಮಾಡಲು ಇದಕ್ಕಿಂತ ಸುಲಭದ ಪಾಠ ಇಲ್ಲ. ಅದಕ್ಕೇ ಚಂದ್ರನ ಫೋಟೊ ನೋಡಿ ಫೋನಿನ ಜೂಮ್ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು. ನಿಮ್ಮ ಮನೆ ಮಗುವಿನ ಮುಖ ಅದಕ್ಕೆ ಬಾಯಿಪಾಠ ಇಲ್ಲವಲ್ಲ!

ಅಕ್ಷರ, ಅಂಕಿ, ಮುಖ: ಇಲ್ಲಿ ಹುಷಾರು

ಚಂದ್ರನ ಫೋಟೊದಲ್ಲಿ ಒಂದು ಕುಳಿ ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ. ದೂರದ ಬೋರ್ಡಿನ ಅಕ್ಷರ, ವಾಹನದ ನಂಬರ್, ಯಾರದ್ದೋ ಮುಖ, ಇವುಗಳ ಕಥೆ ಬೇರೆ.

ನಮ್ಮ ಕನ್ನಡ ಅಕ್ಷರಗಳನ್ನೇ ನೋಡಿ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕಿ. ಪ ಮತ್ತು ಫ, ಬ ಮತ್ತು ಭ ನಡುವೆ ಸಣ್ಣ ಗೀಟು. ಅಷ್ಟು ಸಣ್ಣದನ್ನು ಲೆನ್ಸ್ ಹಿಡಿಯದಿದ್ದರೆ ಸಾಫ್ಟ್‌ವೇರಿಗೆ ತಿಳಿಯಲು ದಾರಿಯೇ ಇಲ್ಲ. ತೀಡಿ ಚೂಪು ಮಾಡಿದಾಗ ಅಲ್ಲೊಂದು ಗಟ್ಟಿ ಅಕ್ಷರವೇನೋ ಬರುತ್ತದೆ, ಅದು ಯಾವ ಅಕ್ಷರ ಅನ್ನುವುದು ಅದೃಷ್ಟ. ಒತ್ತಕ್ಷರಗಳಂತೂ ಯಾವ ಭಾಷೆಯದ್ದೂ ಅಲ್ಲದ ಗೀಚಾಗಿಬಿಡುತ್ತವೆ. ಅಂಕಿಗಳಲ್ಲೂ ಇದೇ ಅಪಾಯ. ಮಸುಕಾದ 3, 6, 8 ಮೂರೂ ಒಂದೇ ಥರ.

ಹಾಗಾಗಿ ಗುದ್ದಿ ಓಡಿಹೋದ ಬೈಕಿನ ನಂಬರನ್ನು 20xನಲ್ಲಿ ಹಿಡಿದಿದ್ದರೆ, ಆ ಒಂದೇ ಫೋಟೊವನ್ನು ನಂಬಿ ಇನ್ನೊಬ್ಬರ ಮೇಲೆ ದೂರು ಹೇಳುವ ಮುನ್ನ ಯೋಚಿಸಿ. ಸಾಧ್ಯವಾದರೆ ಬೇರೆ ಬೇರೆ ಕ್ಷಣದ ಎರಡು ಮೂರು ಫೋಟೊ ತೆಗೆಯಿರಿ. ನಿಜವಾಗಿ ಹಿಡಿದ ಅಂಕಿ ಎಲ್ಲದರಲ್ಲೂ ಒಂದೇ ಇರುತ್ತದೆ. ಊಹಿಸಿದ್ದು ಫೋಟೊದಿಂದ ಫೋಟೊಗೆ ಬದಲಾಗುವುದುಂಟು.

ಈ ಊಹೆಯ ಶಕ್ತಿ ಈಗ ಇನ್ನೂ ಹೆಚ್ಚಿದೆ. 2025ರ ಆಗಸ್ಟ್‌ನಲ್ಲಿ ಬಂದ ಗೂಗಲ್ ಪಿಕ್ಸೆಲ್ 10 ಪ್ರೊ ಫೋನುಗಳು 30xನಿಂದ 100xವರೆಗಿನ ಜೂಮ್‌ನಲ್ಲಿ, ಚಿತ್ರವನ್ನು ಹೊಸದಾಗಿ ರಚಿಸಬಲ್ಲ ಎಐ ಮಾದರಿಯನ್ನು ಫೋನಿನೊಳಗೇ ಓಡಿಸುತ್ತವೆ. ಮನುಷ್ಯರು ಕಂಡಾಗ ಮಾತ್ರ ಅವರನ್ನು ಹಾಗೆ ಬಿಡಿಸದಂತೆ ಕಂಪನಿ ತಡೆ ಇಟ್ಟಿದೆ. ಮುಖದ ವಿಷಯದಲ್ಲಿ ಊಹೆ ಸಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಗುಂಡಿ 5x ಅಂದರೂ ಲೆನ್ಸ್ 1x ಇರಬಹುದು

ಒಳ್ಳೆಯ ಟೆಲಿಫೋಟೊ ಲೆನ್ಸ್ ಇರುವ ಫೋನಿನವರಿಗೂ ಒಂದು ಮಾತು. ನೀವು 5x ಒತ್ತಿದಾಗಲೆಲ್ಲ ಆ ಲೆನ್ಸೇ ಕೆಲಸ ಮಾಡುತ್ತದೆ ಎಂಬ ಖಾತ್ರಿ ಇಲ್ಲ. ದೂರದ ಲೆನ್ಸಿನ ಹಿಂದಿನ ಸೆನ್ಸರ್ ಚಿಕ್ಕದು, ಒಳಗೆ ಬರುವ ಬೆಳಕೂ ಕಡಿಮೆ. ಬೆಳಕು ಮಂಕಾದಾಗ ಫೋನ್ ನಿಮಗೆ ಹೇಳದೇ ಮುಖ್ಯ ಕ್ಯಾಮೆರಾಗೆ ಬದಲಾಗಿ, ಅದನ್ನೇ ಕತ್ತರಿಸಿ ಎಳೆದು 5x ಅಂತ ತೋರಿಸುವುದುಂಟು. ವಸ್ತು ತೀರಾ ಹತ್ತಿರ ಇದ್ದರೂ ಹೀಗೇ, ಯಾಕೆಂದರೆ ಆ ಲೆನ್ಸಿಗೆ ಹತ್ತಿರದ್ದರ ಮೇಲೆ ಫೋಕಸ್ ಮಾಡಲು ಆಗುವುದಿಲ್ಲ. ರಾತ್ರಿಯ ಯಕ್ಷಗಾನದ ಫೋಟೊ ಹಗಲಿನ ಫೋಟೊದಷ್ಟು ಚೆನ್ನಾಗಿ ಬರದಿರಲು ಇದೂ ಒಂದು ಕಾರಣ.

ಮನೆಯಲ್ಲೇ ಮಾಡಿ ನೋಡಿ

ಬೇಕಾದದ್ದು ಫೋನ್ ಮತ್ತು ಗೋಡೆಯ ಮೇಲಿನ ಕ್ಯಾಲೆಂಡರ್. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಸಣ್ಣ ಅಕ್ಷರದಲ್ಲಿರುವ ಕ್ಯಾಲೆಂಡರ್ ಆದರೆ ಇನ್ನೂ ಒಳ್ಳೆಯದು.

1. ಹಗಲು ಹೊತ್ತು ಕ್ಯಾಲೆಂಡರಿನಿಂದ ಐದಾರು ಮೀಟರ್ ದೂರ ನಿಂತು, ಫೋನನ್ನು ಕುರ್ಚಿಯ ಬೆನ್ನಿಗೋ ಬಾಗಿಲ ಚೌಕಟ್ಟಿಗೋ ಒರಗಿಸಿ, 1x, 2x, 3x, 5x, 10x ಹೀಗೆ ಒಂದೊಂದು ಫೋಟೊ ತೆಗೆಯಿರಿ.

2. ಗ್ಯಾಲರಿಯಲ್ಲಿ ಎಲ್ಲವನ್ನೂ ಹಿಗ್ಗಿಸಿ, ಸಣ್ಣ ಅಕ್ಷರ ಒಂದೇ ಅಳತೆಗೆ ಕಾಣುವಂತೆ ಮಾಡಿ. 1x ಫೋಟೊದಲ್ಲಿ ಓದಲಾಗದ ಸಾಲು 5xನಲ್ಲಿ ಓದಲು ಬಂದರೆ ನಿಜವಾದ ವಿವರ ಸಿಕ್ಕಿದೆ. 5xಗೂ 10xಗೂ ವ್ಯತ್ಯಾಸ ಕಾಣದಿದ್ದರೆ ನಿಮ್ಮ ಫೋನಿನ ನಿಜವಾದ ಜೂಮ್ 5xಗೇ ಮುಗಿಯಿತು ಎಂದರ್ಥ.

3. ಕ್ಯಾಲೆಂಡರಿನ ಹತ್ತಿರ ಹೋಗಿ ಅದೇ ಸಾಲನ್ನು ಕಣ್ಣಿನಿಂದ ಓದಿ, 10x ಫೋಟೊದ ಅಕ್ಷರಗಳಿಗೆ ಹೋಲಿಸಿ. ಫೋನ್ ಹೊಸ ಅಕ್ಷರ ಸೃಷ್ಟಿ ಮಾಡಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

4. ಈಗ ಬೆರಳಿನ ಪರೀಕ್ಷೆ. ಪರದೆಯಲ್ಲಿ 5x (ಅಥವಾ ನಿಮ್ಮ ಫೋನಿನಲ್ಲಿರುವ ಅತಿ ದೊಡ್ಡ ಗುಂಡಿ) ಒತ್ತಿ. ಬೆನ್ನಿನ ಮೇಲಿನ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದ ಕೂಡಲೇ ಪರದೆ ಕಪ್ಪಾಗುತ್ತದೋ ಅದೇ ಈಗ ಕೆಲಸ ಮಾಡುತ್ತಿರುವ ಲೆನ್ಸ್. 1xನಲ್ಲೂ 5xನಲ್ಲೂ ಒಂದೇ ಲೆನ್ಸ್ ಮುಚ್ಚಿದಾಗ ಕಪ್ಪಾದರೆ ನಿಮ್ಮದು ಬರೀ ಡಿಜಿಟಲ್ ಜೂಮ್. ಸಂಜೆ ದೀಪದ ಬೆಳಕಿನಲ್ಲಿ ಇದನ್ನೇ ಮತ್ತೆ ಮಾಡಿ, ಲೆನ್ಸ್ ಬದಲಾಗಿದೆಯೇ ನೋಡಿ.

ಫೋಟೊ ತೆಗೆಯುವಾಗ, ಫೋನ್ ಕೊಳ್ಳುವಾಗ

ಪರೀಕ್ಷೆಯಲ್ಲಿ ನಿಮ್ಮ ಫೋನಿನ ನಿಜವಾದ ಕೊನೆಯ ಅಂಕಿ ಯಾವುದೆಂದು ಗೊತ್ತಾಯಿತಲ್ಲ, ಅದರ ಎರಡರಷ್ಟಕ್ಕಿಂತ ಆಚೆ ಹೋಗಬೇಡಿ. 5x ಲೆನ್ಸ್ ಇದ್ದರೆ 10x, ಮುಖ್ಯ ಕ್ಯಾಮೆರಾ ಮಾತ್ರ ಇದ್ದರೆ 2x. ಅದಕ್ಕಿಂತ ಹೆಚ್ಚು ಬೇಕಿದ್ದರೆ ಹತ್ತು ಹೆಜ್ಜೆ ಮುಂದೆ ಹೋಗುವುದೇ ಮೇಲು. 20 ಮೀಟರ್ ದೂರ 10 ಮೀಟರ್ ಆದರೆ ಮುಖಕ್ಕೆ ಸಿಗುವ ಚುಕ್ಕಿ ಇಪ್ಪತ್ತರಿಂದ ನಲವತ್ತಾಗುತ್ತದೆ, ಅದೂ ಪುಕ್ಕಟೆಯಾಗಿ.

ಅಂಗಡಿಯಲ್ಲಿ 'ಎಷ್ಟು x ಜೂಮ್ ಇದೆ' ಎಂದು ಕೇಳಿದರೆ ದೊಡ್ಡ ಅಂಕಿಯನ್ನೇ ಹೇಳುತ್ತಾರೆ. 'ಟೆಲಿಫೋಟೊ ಲೆನ್ಸ್ ಇದೆಯಾ, ಆಪ್ಟಿಕಲ್ ಎಷ್ಟು?' ಎಂದು ಕೇಳಿ. 'ಹೈಬ್ರಿಡ್' ಅಂದರೆ ಲೆನ್ಸ್ ಜತೆಗೆ ಸಾಫ್ಟ್‌ವೇರ್ ಸೇರಿದ ಲೆಕ್ಕ ಎಂದು ತಿಳಿಯಿರಿ. ಬೆನ್ನಿನ ಮೇಲೆ ಮೂರು ಕಣ್ಣಿವೆ ಎಂದು ಮರುಳಾಗಬೇಡಿ. ಎಷ್ಟೋ ಅಗ್ಗದ ಫೋನುಗಳಲ್ಲಿ ಎರಡನೆಯದು, ಮೂರನೆಯದು 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ ಅಥವಾ ಡೆಪ್ತ್ ಕ್ಯಾಮೆರಾ; ದೂರದ ಫೋಟೊಗೆ ಅವುಗಳಿಂದ ನಯಾಪೈಸೆ ಉಪಯೋಗವಿಲ್ಲ. ಅಂಗಡಿಯವರು ಡೆಮೊ ಫೋನ್ ಕೈಗೆ ಕೊಟ್ಟರೆ, ಅಲ್ಲೇ ನಿಂತು ಎದುರು ಬೀದಿಯ ಬೋರ್ಡಿನ ಸಣ್ಣ ಅಕ್ಷರದ ಕಡೆ ತಿರುಗಿಸಿ ಬೆರಳಿನ ಪರೀಕ್ಷೆ ಮಾಡಿ. ಒಂದು ನಿಮಿಷವೂ ಹಿಡಿಯುವುದಿಲ್ಲ.